ಶಾಲೆಯ ಕೈತೋಟದಲ್ಲಿ ಬೀಜ ಪ್ರಸಾರದ ಪಾಠ

ಬೀಜ ತಾಯಿಗಿಡವನ್ನು ಬಿಟ್ಟು ದೂರ ಹೋಗಿ ಬೀಳುವ ಕ್ರಿಯೆಗೆ ಬೀಜ ಪ್ರಸಾರ ಎಂದು ಹೆಸರು. ಐದರಿಂದ ಏಳನೆಯ ತರಗತಿಯೊಳಗೆ ಮಕ್ಕಳು ಇದನ್ನು ಒಮ್ಮೆಯಾದರೂ ಓದುತ್ತಾರೆ. ಗಾಳಿ, ನೀರು, ಪ್ರಾಣಿ, ಸಿಡಿಯುವುದು ಎಂದು ಹಲಗೆಯ ಮೇಲೆ ನಾಲ್ಕು ಕಾಲಂ ಎಳೆದು ಒಂದೊಂದರ ಕೆಳಗೆ ನಾಲ್ಕೈದು ಗಿಡಗಳ ಹೆಸರು ಬರೆದರೆ ಪಾಠ ಮುಗಿಯಿತು. ಎಕ್ಕ ಯಾವ ಕಾಲಮಿಗೆ ಸೇರುತ್ತದೆ ಎಂದರೆ ಮಕ್ಕಳು ‘ಗಾಳಿ’ ಎಂದು ಒಕ್ಕೊರಲಿನಿಂದ ಹೇಳುತ್ತಾರೆ. ಎಕ್ಕದ ಬೀಜಕ್ಕೆ ಅಂಟಿಕೊಂಡ ರೇಷ್ಮೆಯಂಥ ಎಳೆಗಳನ್ನು ಕಿತ್ತುಹಾಕಿದರೆ ಅದು ಎಲ್ಲಿ ಬೀಳುತ್ತದೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ.

ಕೈತೋಟವಿರುವ ಶಾಲೆ ಈ ಪಾಠವನ್ನು ಆ ಎರಡನೆಯ ಪ್ರಶ್ನೆಯ ಸುತ್ತಲೇ ಕಟ್ಟಬಹುದು. ವಿಧಾನ ಸರಳ. ಒಂದೇ ಜಾತಿಯ ಎರಡು ಬೀಜಗಳನ್ನು ತೆಗೆದುಕೊಳ್ಳಬೇಕು. ಒಂದು ಇದ್ದ ಹಾಗೆಯೇ ಇರಲಿ. ಇನ್ನೊಂದರಿಂದ ಪ್ರಸಾರಕ್ಕೆ ನೆರವಾಗುತ್ತದೆಂದು ಊಹಿಸಿದ ಭಾಗವನ್ನು ತೆಗೆಯಬೇಕು: ರೆಕ್ಕೆ, ಎಳೆ, ಸಿಪ್ಪೆ, ಮುಳ್ಳು, ಯಾವುದಾದರೂ ಸರಿ. ಆಮೇಲೆ ಎರಡನ್ನೂ ಒಂದೇ ಪರೀಕ್ಷೆಗೆ ಒಡ್ಡಬೇಕು. ವ್ಯತ್ಯಾಸ ಕಂಡರೆ ಆ ಭಾಗದ ಕೆಲಸ ಏನೆಂದು ಗೊತ್ತಾಗುತ್ತದೆ. ಕಾಣದಿದ್ದರೆ ಊಹೆ ತಪ್ಪು. ಸುಮಾರು ನಲವತ್ತು ಮಕ್ಕಳಿರುವ ತರಗತಿಗೆ ಮೂರು ಪೀರಿಯಡ್ ಬೇಕಾಗುತ್ತದೆ.

ಪಾಠಕ್ಕೆ ಹೊಂದುವ ತಿಂಗಳು ನವೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಬೇಲಿಯ ಬದಿಯಲ್ಲಿ ಉತ್ತರಾಣಿಯ ತೆನೆ ಒಣಗಿರುತ್ತದೆ, ಕನಕಾಂಬರದಲ್ಲಿ ಕಾಯಿ ಸಿಗುತ್ತದೆ. ಆದರೆ ಎಕ್ಕ, ಮಹಾಗನಿ, ಹೊಂಗೆಗಳ ಬಲಿತ ಕಾಯಿ ಹೇರಳವಾಗಿ ಸಿಗುವುದು ಬೇಸಿಗೆಯ ಹೊತ್ತಿಗೆ. ಆದ್ದರಿಂದ ಹಿಂದಿನ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇವುಗಳನ್ನು ಆಯ್ದು ಕಾಗದದ ಲಕೋಟೆಯಲ್ಲಿ ಇಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಕವರಿನಲ್ಲಿ ತೇವ ಕಟ್ಟಿಕೊಂಡು ಎಕ್ಕದ ಎಳೆಗಳು ಮುದ್ದೆಯಾಗುತ್ತವೆ. ಒಮ್ಮೆ ಮುದ್ದೆಯಾದ ಬೀಜ ಒಣಗಿಸಿದರೂ ಮೊದಲಿನಂತೆ ಹಾರುವುದಿಲ್ಲ. ಎಕ್ಕದ ಹಸಿ ಕಾಯಿಯನ್ನು ಮಕ್ಕಳ ಕೈಯಲ್ಲಿ ಕೀಳಿಸಬಾರದು. ಅದರ ಹಾಲು ಕಣ್ಣಿಗೆ ತಾಗಿದರೆ ಅಪಾಯ. ತಾನಾಗಿ ಒಣಗಿ ಬಿರಿದ ಕಾಯಿಯನ್ನು ಶಿಕ್ಷಕರೇ ತಂದಿಡುವುದು ಕ್ಷೇಮ.

ಕೈತೋಟದಲ್ಲಿ ಬೆಳೆಯಬೇಕಾದವು ಎರಡೇ: ಕರ್ಣಕುಂಡಲ ಮತ್ತು ಕನಕಾಂಬರ. ಮಲೆನಾಡಿನ ಹಲವೆಡೆ ಗೌರಿ ಹೂ ಎನ್ನುವ ಕರ್ಣಕುಂಡಲ ಬಿತ್ತಿದ ಎರಡು ತಿಂಗಳ ಆಸುಪಾಸಿನಲ್ಲಿ ಹೂ ಬಿಡುತ್ತದೆ. ಜೂನಿನಲ್ಲಿ ಬಿತ್ತಿದ ಗಿಡ ನವೆಂಬರಿಗೆ ಮುಗಿದುಹೋಗಿರುತ್ತದೆ. ಹಾಗಾಗಿ ಆಗಸ್ಟ್ ಕೊನೆಯಲ್ಲಿ ಇನ್ನೊಂದು ಸಾಲು ಬಿತ್ತಬೇಕು. ಕನಕಾಂಬರದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಮಾರುಕಟ್ಟೆಗೆಂದು ಬೆಳೆಯುವ ‘ಡೆಲ್ಲಿ ಕನಕಾಂಬರ’ ಬೀಜ ಕಟ್ಟುವುದಿಲ್ಲ. ಅದು ಮೂರು ಜೊತೆ ವರ್ಣತಂತುಗಳಿರುವ ಬಂಜೆ ತಳಿ, ಕಡ್ಡಿ ನೆಟ್ಟೇ ಅದನ್ನು ಬೆಳೆಸುತ್ತಾರೆ. ಮನೆಯಂಗಳದಲ್ಲಿ ತಾನಾಗಿ ಸಸಿ ಹುಟ್ಟುವ ನಾಟಿ ಕನಕಾಂಬರವನ್ನೇ ತಂದು ನೆಡಬೇಕು. ಅದರಲ್ಲೂ ದಿನಾ ಹೂ ಕಿತ್ತು ಮುಡಿದರೆ ಕಾಯಿ ಎಲ್ಲಿಂದ ಬರಬೇಕು? ಗಿಡಕ್ಕೆ ಎರಡು ಮೂರು ತೆನೆಗಳಿಗೆ ದಾರ ಕಟ್ಟಿ, ಅವುಗಳ ಹೂ ಯಾರೂ ಕೀಳಬಾರದೆಂದು ಹೇಳಿಡಬೇಕು.

ಮೊದಲ ಪೀರಿಯಡ್ ಗಾಳಿಗೆ ಮೀಸಲು. ಅದನ್ನು ತೋಟದಲ್ಲಿ ಮಾಡುವುದಕ್ಕಿಂತ ಕೋಣೆಯೊಳಗೆ ಮಾಡುವುದೇ ಮೇಲು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆಂಚಿನ ಮೇಲೆ ನಿಂತ ಮಗು ಎರಡು ಮೀಟರ್ ಎತ್ತರದಿಂದ ಎರಡು ಎಕ್ಕದ ಬೀಜಗಳನ್ನು ಒಟ್ಟಿಗೆ ಬಿಡಲಿ. ಒಂದರಲ್ಲಿ ಎಳೆಗಳಿರಲಿ, ಇನ್ನೊಂದು ಬೋಳಾಗಿರಲಿ. ಬೋಳು ಬೀಜ ನೆಲ ಮುಟ್ಟಿದ ಮೇಲೂ ಎಳೆಯಿರುವ ಬೀಜ ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಬೋಳು ಬೀಜ ಬೀಳಲು ತೆಗೆದುಕೊಳ್ಳುವ ಸಮಯ ಎಷ್ಟು ಕಡಿಮೆಯೆಂದರೆ ಮೊಬೈಲಿನ ಸ್ಟಾಪ್‌ವಾಚ್ ಒತ್ತುವಷ್ಟರಲ್ಲಿ ಅದು ಕೆಳಗಿರುತ್ತದೆ. ಆದ್ದರಿಂದ ಅದರ ಸಮಯ ಅಳೆಯಲು ಹೋಗದೆ ಎಳೆಯಿರುವ ಬೀಜದ ಸಮಯವನ್ನು ಮಾತ್ರ ಐದು ಸಲ ಅಳೆದು ಸರಾಸರಿ ತೆಗೆದರೆ ಸಾಕು.

ಇಲ್ಲಿ ಮಕ್ಕಳ ತಲೆಯಲ್ಲಿರುವ ಒಂದು ತಪ್ಪು ಕಲ್ಪನೆ ಹೊರಬೀಳುತ್ತದೆ. ಎಳೆಗಳು ಬೀಜವನ್ನು ಮೇಲಕ್ಕೆ ಎತ್ತುತ್ತವೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ನಿಶ್ಚಲ ಗಾಳಿಯಲ್ಲಿ ಯಾವ ಬೀಜವೂ ಮೇಲೇರುವುದಿಲ್ಲ, ಬೀಳುವ ವೇಗವಷ್ಟೇ ಕಡಿಮೆಯಾಗುತ್ತದೆ. ಆ ನಿಧಾನದಿಂದಲೇ ದೂರ ಸಿಗುತ್ತದೆ. ಗಾಳಿ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬೀಸುತ್ತಿದೆ ಎಂದಿಟ್ಟುಕೊಂಡರೆ, ಒಂದು ಸೆಕೆಂಡಿನಲ್ಲಿ ಬೀಳುವ ಬೀಜ ಹೆಚ್ಚೆಂದರೆ ಎರಡು ಮೀಟರ್ ಆಚೆ ಹೋಗುತ್ತದೆ. ಆರು ಸೆಕೆಂಡ್ ಗಾಳಿಯಲ್ಲಿರುವ ಬೀಜ ಹನ್ನೆರಡು ಮೀಟರ್ ಹೋಗುತ್ತದೆ. ಈ ಗುಣಾಕಾರವನ್ನು ಮಕ್ಕಳೇ ತಾವು ಅಳೆದ ಸಮಯ ಹಾಕಿ ಮಾಡಬೇಕು. ಗಿಡ ಎತ್ತರವಾಗಿದ್ದಷ್ಟೂ ಬೀಜ ದೂರ ಹೋಗುತ್ತದೆ ಎಂಬುದು ಆ ಲೆಕ್ಕದಿಂದ ತಾನಾಗಿ ಬರುತ್ತದೆ, ಹೇಳಿಕೊಡಬೇಕಾಗಿಲ್ಲ.

ಮಹಾಗನಿಯ ಬೀಜ ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತದೆ. ಒಂದು ತುದಿಯಲ್ಲಿ ಭಾರದ ಬೀಜ, ಇನ್ನೊಂದು ತುದಿಗೆ ಚಾಚಿದ ಒಂಟಿ ರೆಕ್ಕೆ. ಬೀಳುವಾಗ ಅದು ಗಿರಗಿರನೆ ತಿರುಗುತ್ತ ನಿಧಾನವಾಗುತ್ತದೆ. ಕತ್ತರಿಯಿಂದ ರೆಕ್ಕೆಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೋದರೆ ಒಂದು ಹಂತದಲ್ಲಿ ತಿರುಗುವುದು ನಿಂತು ಬೀಜ ನೇರವಾಗಿ ಬೀಳುತ್ತದೆ. ಆ ಹಂತ ಯಾವುದೆಂದು ಹುಡುಕುವುದನ್ನು ಮಕ್ಕಳಿಗೇ ಬಿಡಬೇಕು. ಮಹಾಗನಿ ಇಲ್ಲದ ಊರಿನಲ್ಲಿ ನೋಟ್‌ಬುಕ್ ಹಾಳೆಯ ಪಟ್ಟಿಯೊಂದನ್ನು ಅರ್ಧದವರೆಗೆ ಸೀಳಿ, ಎರಡು ರೆಕ್ಕೆ ಎದುರುಬದುರು ಮಡಚಿ, ಬುಡಕ್ಕೆ ಜೆಮ್ ಕ್ಲಿಪ್ ಸಿಕ್ಕಿಸಿದರೂ ಆದೀತು.

ನೀರಿನ ಪಾಠಕ್ಕೆ ಒಂದು ಬಕೆಟ್ ಸಾಕು, ಆದರೆ ಸಮಯ ಬೇಕು. ಹೊಂಗೆಯ ಒಣಗಿದ ಕಾಯಿ, ಸಿಪ್ಪೆ ಬಿಡಿಸಿದ ಹೊಂಗೆ ಬೀಜ, ಅವರೆಕಾಳು, ಕಡಲೆಕಾಳು, ಒಂದು ಒಣ ಕಡ್ಡಿ, ಇಷ್ಟನ್ನು ನೀರಿಗೆ ಹಾಕಿ ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ಬರೆದುಕೊಳ್ಳಬೇಕು. ಕಡ್ಡಿಯನ್ನು ಹಾಕಲು ಕಾರಣವಿದೆ. ಅದೂ ತೇಲುತ್ತದೆ, ಆದರೆ ತೇಲಿದ ಮಾತ್ರಕ್ಕೆ ಅದರಿಂದ ಗಿಡ ಹುಟ್ಟುವುದಿಲ್ಲ. ನೀರಿನಿಂದ ಪ್ರಸಾರವಾಗುವ ಬೀಜ ತೇಲಬೇಕು, ತೇಲುತ್ತಿರುವಷ್ಟು ದಿನವೂ ಕೊಳೆಯದಿರಬೇಕು, ದಡ ಸೇರಿದ ಮೇಲೆ ಮೊಳೆಯಬೇಕು. ಬಕೆಟನ್ನು ಒಂದು ವಾರ ಹಾಗೇ ಬಿಟ್ಟು, ದಿನಕ್ಕೊಮ್ಮೆ ನೋಡಿ, ಕೊನೆಗೆ ಹೊಂಗೆ ಕಾಯಿಯನ್ನು ಒಡೆದು ಬೀಜವನ್ನು ಮಡಿಯಲ್ಲಿ ಊರಿದರೆ ಎರಡು ಮೂರು ವಾರಗಳಲ್ಲಿ ಉತ್ತರ ಸಿಗುತ್ತದೆ. ಪಕ್ಕದಲ್ಲೇ ನೀರಿಗೆ ಹಾಕದ ಬೀಜವನ್ನೂ ಊರಬೇಕು. ಎರಡೂ ಮೊಳೆಯದಿದ್ದರೆ ದೋಷ ನೀರಿನದಲ್ಲ, ಬೀಜ ಹಳೆಯದು. ಹೊಂಗೆ ಹೊಳೆ ಹಳ್ಳಗಳ ದಡದಲ್ಲಿ ಸಾಲಾಗಿ ಬೆಳೆದಿರುವುದನ್ನು ಕಂಡ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಕರಾವಳಿಯ ಶಾಲೆಯಾದರೆ ಹೊಂಗೆಯ ಬದಲು ತೆಂಗಿನಕಾಯಿಯ ನಾರಿನ ಸಿಪ್ಪೆಯನ್ನು ಬಿಡಿಸಿ ನೋಡಬಹುದು. ಎಳೆಗಳ ನಡುವೆ ಗಾಳಿ ತುಂಬಿಕೊಂಡಿರುವುದು ಕೈಯಲ್ಲಿ ಹಿಂಡಿದರೇ ತಿಳಿಯುತ್ತದೆ.

ಪ್ರಾಣಿಗಳ ಪಾಠಕ್ಕೆ ಒಂದು ಜೊತೆ ಹಳೆಯ ಉಲ್ಲನ್ ಕಾಲುಚೀಲ ಅಥವಾ ಕಂಬಳಿಯ ತುಂಡು ಬೇಕು. ಅದನ್ನು ದಾರಕ್ಕೆ ಕಟ್ಟಿ ಬೇಲಿಯಂಚಿನ ಹುಲ್ಲಿನ ಮೇಲೆ ಇಪ್ಪತ್ತು ಹೆಜ್ಜೆ ಎಳೆದರೆ ಉತ್ತರಾಣಿ ಮೊದಲು ಅಂಟುತ್ತದೆ. ತೆನೆಯ ಮೇಲೆ ಉತ್ತರಾಣಿಯ ಕಾಯಿ ಕೆಳಮುಖವಾಗಿ ಒರಗಿರುತ್ತದೆ, ಅದರ ಮುಳ್ಳುಗಳೂ ಕೆಳಕ್ಕೆ ಚಾಚಿರುತ್ತವೆ. ಮಗು ತೆನೆಯನ್ನು ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಸವರಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಸವರಿದರೆ ಯಾವ ದಿಕ್ಕಿನಲ್ಲಿ ಚುಚ್ಚುತ್ತದೆ ಎಂದು ಗೊತ್ತಾಗುತ್ತದೆ. ಹಾದುಹೋಗುವ ಹಸುವಿನ ಕಾಲಿಗೆ ಕಾಯಿ ಸಿಕ್ಕಿಕೊಳ್ಳುವುದು ಆ ದಿಕ್ಕಿನಿಂದಲೇ. ಒಂದೇ ದೂರವನ್ನು ನುಣುಪಾದ ಪ್ಲಾಸ್ಟಿಕ್ ಹಾಳೆಯಿಂದ ಎಳೆದು ಅಂಟಿದ ಬೀಜಗಳನ್ನು ಎಣಿಸಿದರೆ ಪರೀಕ್ಷೆ ಪೂರ್ತಿಯಾಗುತ್ತದೆ. ಇದು ಬರಿಗಾಲಿನಲ್ಲಿ ಮಾಡುವ ಕೆಲಸವಲ್ಲ, ಹುಲ್ಲಿನಲ್ಲಿ ನೆಗ್ಗಿಲು ಇರಬಹುದು. ಪಾರ್ಥೇನಿಯಂ ಹೂ ಬಿಟ್ಟಿರುವ ಜಾಗವನ್ನು ಬಿಟ್ಟು ಹೋಗಬೇಕು. ನಸುಗುನ್ನಿಯ ಬಳಿ ಸುಳಿಯುವುದೂ ಬೇಡ.

ಹಣ್ಣು ತಿಂದು ಬೀಜ ಹರಡುವುದನ್ನು ಒಂದು ಪೀರಿಯಡ್‌ನಲ್ಲಿ ತೋರಿಸಲಾಗದು. ಅದರ ಗುರುತುಗಳನ್ನು ಮಾತ್ರ ತೋರಿಸಬಹುದು. ಶಾಲೆಯ ಗೋಡೆಯ ಬಿರುಕಿನಲ್ಲೋ ತಾರಸಿಯ ನೀರಿನ ಕೊಳವೆಯ ಬಳಿಯೋ ಒಂದು ಅರಳಿ ಸಸಿ ಇರುವುದು ಸಾಮಾನ್ಯ. ಅದನ್ನು ಅಲ್ಲಿ ಯಾರೂ ನೆಟ್ಟಿಲ್ಲ. ಹತ್ತಿರದ ಅರಳಿ ಮರ ಎಷ್ಟು ದೂರದಲ್ಲಿದೆ ಎಂದು ಹೆಜ್ಜೆಯಲ್ಲಿ ಅಳೆದರೆ ಹಕ್ಕಿ ಕನಿಷ್ಠ ಎಷ್ಟು ದೂರ ಬೀಜ ತಂದಿದೆ ಎಂಬ ಅಂದಾಜು ಸಿಗುತ್ತದೆ. ಬಿಡುವಿದ್ದರೆ ಕೈತೋಟದ ಖಾಲಿ ಮಡಿಯ ನಡುವೆ ಆಳೆತ್ತರದ ಕಂಬ ನೆಟ್ಟು, ತುದಿಗೆ ಅಡ್ಡ ಕೋಲು ಕಟ್ಟಬಹುದು. ಹಕ್ಕಿಗಳು ಕೂತೆದ್ದು ಹೋಗುವ ಆ ಕಂಬದ ಬುಡದಲ್ಲಿ ಮುಂದಿನ ಮಳೆಗೆ ಏನೇನು ಮೊಳೆಯುತ್ತದೆ ಎಂಬುದನ್ನು, ಕಂಬವಿಲ್ಲದ ಅಷ್ಟೇ ಅಗಲದ ಇನ್ನೊಂದು ಮಡಿಗೆ ಹೋಲಿಸಬೇಕು. ಹಿಕ್ಕೆಯನ್ನು ಕೈಯಿಂದ ಮುಟ್ಟಬಾರದು.

ಮೂರನೆಯ ಪೀರಿಯಡ್ ಸಿಡಿಯುವ ಕಾಯಿಗಳದು. ಇದಕ್ಕೇ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಇಲ್ಲಿ ಹೊರಗಿನ ವಾಹಕವೇ ಇಲ್ಲ. ಬೀಜವನ್ನು ಎಸೆಯುವ ಶಕ್ತಿಯನ್ನು ಕಾಯಿ ತಾನೇ ಕೂಡಿಟ್ಟಿರುತ್ತದೆ. ಕೂಡಿಡುವ ಬಗೆ ಗಿಡದಿಂದ ಗಿಡಕ್ಕೆ ಬೇರೆ. ಕರ್ಣಕುಂಡಲದ ಕಾಯಿ ಹಸಿರಾಗಿ ಉಬ್ಬಿರುವಾಗಲೇ ಸಿಡಿಯುತ್ತದೆ. ಅದರ ಗೋಡೆಯ ಜೀವಕೋಶಗಳು ನೀರು ತುಂಬಿಕೊಂಡು ಬಿಗಿದಿರುತ್ತವೆ. ಬೆರಳು ತಾಗಿದರೆ ಐದು ಹೋಳುಗಳು ಬೇರ್ಪಟ್ಟು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ, ಬೀಜಗಳು ಚಿಮ್ಮುತ್ತವೆ. ಕಾಯಿಯನ್ನು ಕಿತ್ತು ಮೇಜಿನ ಮೇಲೆ ಇಟ್ಟು ಬಾಡಲು ಬಿಟ್ಟರೆ ಈ ಬಿಗಿ ಇಳಿದುಹೋಗಿ ಸಿಡಿತ ಸಪ್ಪೆಯಾಗುತ್ತದೆ. ಹಾಗಾಗಿ ಕರ್ಣಕುಂಡಲವನ್ನು ಗಿಡದ ಮೇಲಿರುವಾಗಲೇ ನೋಡಬೇಕು, ಅದೂ ಬಿಸಿಲೇರುವ ಮುಂಚೆ. ಹರಳಿನ ಕಾಯಿ ಮತ್ತು ಕೆಲವು ಅವರೆ ಜಾತಿಯ ಕಾಯಿಗಳು ಇದಕ್ಕೆ ತಿರುಗಾಮುರುಗಾ. ಅವು ಬಿಸಿಲಿಗೆ ಒಣಗಿ ಸೆಳೆತ ತಾಳಲಾರದೆ ಬಿರಿಯುತ್ತವೆ. ಹರಳಿನ ಬೀಜ ವಿಷ, ಆದ್ದರಿಂದ ಅದನ್ನು ಮಕ್ಕಳ ಕೈಗೆ ಕೊಡದೆ ಬಾಯಿಮಾತಿನಲ್ಲಿ ಹೇಳಿದರೆ ಸಾಕು. ಗುಲಗಂಜಿಯನ್ನೂ ಹೊರಗಿಡಬೇಕು.

ಕನಕಾಂಬರ ಇವೆರಡಕ್ಕೂ ಸೇರದು. ಅದರ ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿದರೂ ಬಾಯಿ ಬಿಡುವುದಿಲ್ಲ. ಒಣಗುವಾಗ ಎರಡು ಹೋಳುಗಳೂ ಹೊರಕ್ಕೆ ಬಾಗಲು ಎಳೆಯುತ್ತಿರುತ್ತವೆ, ಆದರೆ ನಡುವಿನ ಅಂಚು ಅವನ್ನು ಹಿಡಿದಿಟ್ಟಿರುತ್ತದೆ. ನೀರು ತಾಗಿದಾಗ ಆ ಅಂಚು ಮೆತ್ತಗಾಗುತ್ತದೆ, ಹಿಡಿತ ತಪ್ಪುತ್ತದೆ, ಕಾಯಿ ಪಟ್ಟನೆ ಒಡೆದು ಬೀಜಗಳನ್ನು ಎಸೆಯುತ್ತದೆ. ಪ್ರತಿ ಕಾಯಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜ. ಬೀಜದ ಬುಡದಲ್ಲಿರುವ ಗಟ್ಟಿ ಕೊಕ್ಕೆಗಳು ಎಸೆತಕ್ಕೆ ಆಧಾರ. ಒಡೆದ ಹೋಳಿನ ಒಳಮೈಯಲ್ಲಿ ಅವನ್ನು ಬರಿಗಣ್ಣಿನಿಂದಲೇ ಕಾಣಬಹುದು, ಭೂತಗನ್ನಡಿ ಇದ್ದರೆ ಇನ್ನೂ ಚೆನ್ನು. ಮಳೆಹನಿ ಬಿದ್ದಾಗಲೇ ಸಿಡಿಯುವುದರಿಂದ ಬೀಜ ಬೀಳುವುದು ಹಸಿ ಮಣ್ಣಿನ ಮೇಲೆ.

ದೂರ ಅಳೆಯುವ ಕ್ರಮ ಹೀಗೆ. ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಅರ್ಧರ್ಧ ಮೀಟರ್ ಅಂತರದಲ್ಲಿ ಒಂದರೊಳಗೊಂದು ವೃತ್ತ ಎಳೆದು, ಅದರ ಮೇಲೆ ಒದ್ದೆ ಮಾಡಿದ ಗೋಣಿತಟ್ಟುಗಳನ್ನು ಹಾಸಿ, ಅವುಗಳ ಮೇಲೂ ಗೆರೆ ಮುಂದುವರಿಸಬೇಕು. ಗೋಣಿ ಬೇಕಾದದ್ದು ಬೀಜ ಬಿದ್ದಲ್ಲೇ ನಿಲ್ಲಲಿ ಎಂದು. ಸಿಮೆಂಟಿನ ಮೇಲೆ ಬಿದ್ದ ಬೀಜ ಪುಟಿದು ಉರುಳಿ ಇನ್ನೆಲ್ಲೋ ಹೋಗುತ್ತದೆ, ಉರುಳಿದ್ದನ್ನೂ ಎಸೆತವೆಂದು ಎಣಿಸಿದಂತಾಗುತ್ತದೆ. ನಡುವೆ ಒಂದೂವರೆ ಅಡಿ ಎತ್ತರದ ಡಬ್ಬಿಯ ಮೇಲೆ, ಅಂದರೆ ಗಿಡದ ತೆನೆಯ ಎತ್ತರಕ್ಕೆ, ಒಣ ಕಾಯಿಯನ್ನು ನೀರಿನಲ್ಲಿ ಅದ್ದಿ ಇಡಬೇಕು. ಸಿಡಿಯುವುದಕ್ಕೆ ಕೆಲವು ಕಾಯಿ ಬೇಗ, ಕೆಲವು ತಡ. ಕಾಯುವಾಗ ಕುತೂಹಲಕ್ಕೆ ಬಗ್ಗಿ ಮುಖ ಹತ್ತಿರ ತರುವುದು ಮಕ್ಕಳ ಸ್ವಭಾವ, ಎಲ್ಲರೂ ಹೊರವೃತ್ತದ ಆಚೆಯೇ ಕೂರುವಂತೆ ನೋಡಿಕೊಳ್ಳಬೇಕು. ಪಕ್ಕದ ತಟ್ಟೆಯಲ್ಲಿ ನೀರು ತಾಗಿಸದ ಅಷ್ಟೇ ಕಾಯಿಗಳು ಇರಲಿ.

ಹತ್ತು ಕಾಯಿ ಸಿಡಿದರೆ ಸುಮಾರು ನಲವತ್ತು ಬೀಜ ಸಿಗಬೇಕು. ಮಕ್ಕಳು ಹುಡುಕಿ ತಂದದ್ದು ಮೂವತ್ತು ಎಂದಿಟ್ಟುಕೊಳ್ಳೋಣ. ಆ ಮೂವತ್ತರ ಸರಾಸರಿ ದೂರ ತೆಗೆದು ‘ಕನಕಾಂಬರ ಇಷ್ಟು ದೂರ ಎಸೆಯುತ್ತದೆ’ ಎಂದು ಬರೆದರೆ ಲೆಕ್ಕ ಕಡಿಮೆಯಾಗುತ್ತದೆ. ಸಿಗದ ಹತ್ತು ಬೀಜಗಳಲ್ಲಿ ಹೆಚ್ಚಿನವು ಗೋಣಿ ಮುಗಿದ ಆಚೆ, ಬೆಂಚಿನ ಕೆಳಗೆ, ಮೂಲೆಯಲ್ಲಿ ಬಿದ್ದಿರುತ್ತವೆ. ಅತಿ ದೂರ ಹೋದ ಬೀಜವೇ ಕಳೆದುಹೋಗುವ ಬೀಜ. ಆದ್ದರಿಂದ ಎಣಿಕೆ ಮುಗಿದ ಮೇಲೆ ಕಸಬರಿಕೆ ಹಿಡಿದು ಕೋಣೆಯನ್ನೆಲ್ಲ ಗುಡಿಸಿ ನೋಡುವುದೂ ಪ್ರಯೋಗದ ಭಾಗವೇ. ಆಮೇಲೂ ಸಿಗದಿದ್ದರೆ ‘ಸಿಗದವು’ ಎಂದು ಒಂದು ಸಾಲು ಪಟ್ಟಿಯಲ್ಲಿ ಇರಲೇಬೇಕು.

ಒಂದೂ ಕಾಯಿ ಸಿಡಿಯದ ದಿನವೂ ಬರುತ್ತದೆ. ಕಾಯಿ ಇನ್ನೂ ಹಸಿರಿದ್ದರೆ ನೀರಿನಿಂದ ಏನೂ ಆಗುವುದಿಲ್ಲ. ಹಿಂದಿನ ದಿನ ಮಳೆ ಬಿದ್ದಿದ್ದರೆ, ಅಥವಾ ಗಿಡಕ್ಕೆ ತಲೆಯ ಮೇಲಿನಿಂದ ನೀರು ಹಾಕಿದ್ದರೆ, ಬಲಿತ ಕಾಯಿಗಳು ಆಗಲೇ ಸಿಡಿದು ತೆನೆಯಲ್ಲಿ ಬಾಯಿ ತೆರೆದ ಹೋಳುಗಳಷ್ಟೇ ಉಳಿದಿರುತ್ತವೆ. ಪಾಠಕ್ಕೆ ಒಂದು ವಾರ ಮುಂಚಿನಿಂದ ಗಿಡದ ಬುಡಕ್ಕೆ ಮಾತ್ರ ನೀರು ಹಾಕಿ, ಒಣಗಿದ ಕಾಯಿಗಳನ್ನು ಬಿಡಿಸಿ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡರೆ ಈ ತೊಂದರೆ ಇಲ್ಲ.

ಕನಕಾಂಬರ ಸಿಡಿದ ಮೇಲೆ ತರಗತಿಯಲ್ಲಿ ಜಗಳ ಏಳುತ್ತದೆ, ಏಳಬೇಕು ಕೂಡ. ನೀರು ತಾಗಿದ್ದಕ್ಕೆ ಸಿಡಿಯಿತು, ಹಾಗಾದರೆ ಇದು ನೀರಿನಿಂದಾಗುವ ಪ್ರಸಾರವಲ್ಲವೇ? ಹೊಂಗೆಯ ಕಾಯಿಯನ್ನು ನೀರು ಹೊತ್ತು ಸಾಗಿಸುತ್ತದೆ. ಕನಕಾಂಬರದಲ್ಲಿ ನೀರು ಹಿಡಿತ ಬಿಡಿಸುತ್ತದೆ ಅಷ್ಟೇ, ಸಾಗಿಸುವ ಬಲ ಕಾಯಿಯದು. ಈ ವ್ಯತ್ಯಾಸವನ್ನು ತಮ್ಮ ಮಾತಿನಲ್ಲಿ ಹೇಳಬಲ್ಲ ಮಕ್ಕಳಿಗೆ ನಾಲ್ಕು ಕಾಲಂ ಪಟ್ಟಿ ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ.

ಪಾಠ ಮುಗಿದ ಮೇಲೆ ಉತ್ತರಾಣಿಯೇ ಮೊದಲಾದ ಕಳೆ ಬೀಜಗಳನ್ನು ಕೈತೋಟಕ್ಕೆ ಎಸೆಯದೆ ಒಟ್ಟುಮಾಡಿ ಸುಡಬೇಕು. ಇಲ್ಲದಿದ್ದರೆ ಮುಂದಿನ ವರ್ಷ ತರಕಾರಿ ಮಡಿಯಲ್ಲಿ ಅವುಗಳದೇ ಕಾರುಬಾರು.

ಮೌಲ್ಯಮಾಪನಕ್ಕೆ ಮಕ್ಕಳು ಪಾಠದಲ್ಲಿ ನೋಡದ ಕಾಯಿಯೊಂದು ಬೇಕು. ಹೊನ್ನೆ ಮರದ ಕಾಯಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ದುಂಡಗೆ, ಚಪ್ಪಟೆಯಾಗಿ, ನಡುವೆ ಗಟ್ಟಿ ಬೀಜ, ಸುತ್ತಲೂ ತೆಳುವಾದ ರೆಕ್ಕೆ. ಇದು ಹೇಗೆ ಪ್ರಸಾರವಾಗುತ್ತದೆ ಎಂದು ಕೇಳುವ ಬದಲು, ಅದನ್ನು ತಿಳಿಯಲು ಏನು ಮಾಡುತ್ತೀರಿ ಎಂದು ಕೇಳಬೇಕು. ರೆಕ್ಕೆ ಕತ್ತರಿಸಿದ್ದನ್ನೂ ಕತ್ತರಿಸದ್ದನ್ನೂ ಒಟ್ಟಿಗೆ ಬೀಳಿಸಿ ನೋಡುತ್ತೇನೆ ಎಂದು ಬರೆದ ಮಗುವಿಗೆ ಪೂರ್ಣ ಅಂಕ. ನೀರಿಗೆ ಹಾಕಿ ಒಂದು ವಾರ ನೋಡಿ ಆಮೇಲೆ ಊರುತ್ತೇನೆ ಎಂದು ಬರೆದ ಮಗುವಿಗೂ ಪೂರ್ಣ ಅಂಕ. ಬರೀ ‘ಗಾಳಿ’ ಎಂದು ಬರೆದರೆ, ಉತ್ತರ ಸರಿಯೇ ಆದರೂ, ಅರ್ಧ ಅಂಕ ಸಾಕು.